ಆರು ಸೀರೆ, ಮೂರು ಮಾರುಕಟ್ಟೆ

ಇಳಕಲ್ಲಿನಲ್ಲಿ ಸೀರೆ ಮಾರುವ ಒಂದು ಅಂಗಡಿ ಎಂದಿಟ್ಟುಕೊಳ್ಳಿ. ಮರೂನ್ ಒಡಲು, ಟೋಪ್ ತೆನಿ ಸೆರಗಿನ ಸೀರೆ ಕಪಾಟಿನಲ್ಲಿ ಆರು ಇವೆ. ಮಾಲೀಕರು ಅದರ ಫೋಟೋ ತೆಗೆದು ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋ ಮೂರಕ್ಕೂ ಏರಿಸಿದ್ದಾರೆ. ಎಷ್ಟು ಇದೆ ಎಂದು ಕೇಳುವ ಖಾನೆಯಲ್ಲಿ ಮೂರೂ ಕಡೆ 6 ಎಂದು ತುಂಬಿದ್ದಾರೆ. ಸುಳ್ಳೇನೂ ಹೇಳಿಲ್ಲ. ಆದರೆ ಕೊಳ್ಳುವವರ ಪಾಲಿಗೆ ಈಗ ಹದಿನೆಂಟು ಸೀರೆ ಮಾರಾಟಕ್ಕಿವೆ. ಇದು ಸಾಲದೆಂಬಂತೆ ಅಂಗಡಿಯ ಮೆಟ್ಟಿಲು ಹತ್ತಿ ಬರುವ ಗಿರಾಕಿಗಳಿದ್ದಾರೆ, ವಾಟ್ಸಾಪಿನಲ್ಲಿ ‘ಅದೊಂದು ತೆಗೆದಿಡ್ರಿ’ ಎನ್ನುವವರೂ ಇದ್ದಾರೆ.

ವಾರಕ್ಕೊಂದು ಸೀರೆ ಹೋಗುವ ದಿನಗಳಲ್ಲಿ ಇದರಿಂದ ತೊಂದರೆಯಿಲ್ಲ. ಒಂದು ಕಡೆ ಮಾರಿದ ಮೇಲೆ ಉಳಿದೆರಡು ಕಡೆ ಹೋಗಿ 6 ಅನ್ನು 5 ಮಾಡಿದರಾಯಿತು, ಸಂಜೆ ಮಾಡಿದರೂ ನಡೆಯುತ್ತದೆ. ಈಗ ಯುಗಾದಿಗೆ ಮುಂಚಿನ ಒಂದು ಬೆಳಿಗ್ಗೆ ನೋಡೋಣ. 10:02ಕ್ಕೆ ಫ್ಲಿಪ್‌ಕಾರ್ಟಿನಲ್ಲಿ ಒಬ್ಬರು ಎರಡು ಸೀರೆ ಕೊಂಡರು. 10:04ಕ್ಕೆ ಅಂಗಡಿಗೆ ಬಂದವರು ಒಂದು ಒಯ್ದರು. 10:07ಕ್ಕೆ ಅಮೆಜಾನಿನಲ್ಲಿ ಎರಡು, 10:09ಕ್ಕೆ ಮೀಶೋದಲ್ಲಿ ಒಂದು. ಕಪಾಟು ಖಾಲಿ. 10:12ಕ್ಕೆ ಅಮೆಜಾನಿನಿಂದ ಇನ್ನೊಂದು ಆರ್ಡರ್ ಬಂತು. ಅಮೆಜಾನಿನ ಲೆಕ್ಕದಲ್ಲಿ ಅದಕ್ಕೆ ಅಡ್ಡಿಯೇ ಇರಲಿಲ್ಲ. ಆರರಲ್ಲಿ ಎರಡು ಹೋಗಿ ಅಲ್ಲಿ ನಾಲ್ಕು ಉಳಿದಿತ್ತಲ್ಲ!

ಪಾರ್ಸೆಲ್ ಕಟ್ಟುವ ಹುಡುಗ ಒಳಗಿನಿಂದ ಕೂಗುತ್ತಾನೆ: ‘ಕಾಕಾ, ಅಮೆಜಾನಿಂದು ಇನ್ನೊಂದು ಬಂದೈತ್ರಿ, ಮರೂನ್ ಟೋಪ್ ತೆನಿ. ಕಪಾಟಿನ್ಯಾಗ ಇಲ್ಲಲ್ರಿ?’

‘ಈಗರ ಒಂದ್ ಇತ್ತಲ್ಲೋ!’

‘ಅದನ್ನ ಮೀಶೋದ್ದಕ್ಕ ಕಟ್ಟೀನ್ರಿ.’

ಇಲ್ಲದ ಮಾಲನ್ನು ಮಾರಿದ ಈ ಸ್ಥಿತಿಗೆ ಆನ್‌ಲೈನ್ ವ್ಯಾಪಾರದವರು ‘ಓವರ್‌ಸೆಲ್’ ಎನ್ನುತ್ತಾರೆ. ಬಿಸ್ಕತ್ತು, ಚಾರ್ಜರು ಮಾರುವವರಾದರೆ ಪಕ್ಕದ ಸಗಟು ಅಂಗಡಿಯಿಂದ ತಂದು ಕಳಿಸಿಬಿಡಬಹುದು. ಕೈಮಗ್ಗದ ಇಳಕಲ್ ಸೀರೆ ಹಾಗಲ್ಲ. ಅದರ ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸಬೇಕು; ಒಂದು ಸೀರೆ ಮಗ್ಗದಿಂದ ಇಳಿಯಲು ದಿನಗಳೇ ಬೇಕು. ಹೊಸದು ಇಳಿದರೂ ಬಣ್ಣದ ಪಾಕ ಬೇರೆಯಾಗಿ ಮರೂನು ಫೋಟೋದಲ್ಲಿರುವಷ್ಟೇ ಗಾಢವಾಗಿರುತ್ತದೆಂಬ ಖಾತ್ರಿಯಿಲ್ಲ. ಅತ್ತ ಆರ್ಡರನ್ನು ಒಂದೆರಡು ದಿನದಲ್ಲಿ ಕೊರಿಯರಿನವನ ಕೈಗೆ ಕೊಡಲೇಬೇಕು. ಹಾಗಾಗಿ ಉಳಿದ ದಾರಿ ಕ್ಯಾನ್ಸಲ್ ಒಂದೇ.

ಕ್ಯಾನ್ಸಲ್‌ಗೆ ಬೆಲೆಯಿದೆ. ಮಾರಾಟಗಾರರೇ ಮಾಲು ಕಳಿಸುವ ಆರ್ಡರುಗಳಲ್ಲಿ, ಅವರ ಕಡೆಯಿಂದ ರದ್ದಾಗುವ ಪ್ರಮಾಣ ಏಳು ದಿನಗಳ ಲೆಕ್ಕದಲ್ಲಿ ಶೇ. 2.5ಕ್ಕಿಂತ ಕಡಿಮೆ ಇರಬೇಕು ಎಂಬುದು ಅಮೆಜಾನಿನ ನಿಯಮ. ಕೇಳಲು ಉದಾರವಾಗಿಯೇ ಇದೆ. ಆದರೆ ವಾರಕ್ಕೆ 40 ಆರ್ಡರ್ ಕಾಣುವ ನಮ್ಮ ಅಂಗಡಿಗೆ ಒಂದೇ ಒಂದು ಕ್ಯಾನ್ಸಲ್ ಎಂದರೆ ಸರಿಯಾಗಿ ಶೇ. 2.5. ಗೆರೆ ಅಲ್ಲೇ ಮುಟ್ಟಿತು. ಎರಡನೆಯದಾದರೆ ಖಾತೆಯ ಆರೋಗ್ಯ ಕೆಟ್ಟಿತೆಂಬ ಎಚ್ಚರಿಕೆ, ಮುಂದುವರಿದರೆ ಮಾರುವ ಹಕ್ಕಿಗೇ ಕುತ್ತು. ದಿನಕ್ಕೆ ಸಾವಿರ ಆರ್ಡರ್ ಕಾಣುವ ದೊಡ್ಡ ಮಾರಾಟಗಾರನಿಗೆ ಇದೇ ನಿಯಮ ಎಷ್ಟೋ ಸಡಿಲ. ಶೇಕಡಾವಾರು ನಿಯಮಗಳೆಲ್ಲ ಸಣ್ಣವರ ಕತ್ತಿಗೇ ಬಿಗಿಯಾಗಿ ಬರುತ್ತವೆ.

ಇದಕ್ಕೆ ಮದ್ದು ದಾಸ್ತಾನನ್ನು ಸಿಂಕ್ ಮಾಡುವುದು ಎಂದು ಎಲ್ಲರೂ ಹೇಳುತ್ತಾರೆ. ಯೂನಿಕಾಮರ್ಸ್, ಈಸಿಈಕಾಮ್, ಜೋಹೊ ಇನ್ವೆಂಟರಿಯಂಥ ತಂತ್ರಾಂಶಗಳು ಈ ಕೆಲಸ ಮಾಡುತ್ತವೆ. ಮೂರು ಮಾರುಕಟ್ಟೆಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಸಂಖ್ಯೆ ಸರಿಮಾಡಿಕೊಳ್ಳುತ್ತವೆ ಎಂದು ಹಲವರು ಭಾವಿಸಿದ್ದಾರೆ. ಅವು ಮಾತಾಡುವುದಿಲ್ಲ. ಸಿಂಕ್ ಎಂದರೆ ಅಂಗಡಿಯವರ ಬಳಿ ಇರುವ ಒಂದೇ ಒಂದು ಪುಸ್ತಕವನ್ನು ನಿಜವೆಂದು ಒಪ್ಪಿ, ಉಳಿದೆಡೆ ಕಾಣುವ ಸಂಖ್ಯೆಗಳನ್ನೆಲ್ಲ ಅದರ ನಕಲು ಮಾಡುವುದು. ತಂತ್ರಾಂಶ ಎಲ್ಲ ಮಾರುಕಟ್ಟೆಗಳಿಂದ ಹೊಸ ಆರ್ಡರುಗಳನ್ನು ಎಳೆದು ತರುತ್ತದೆ, ಪುಸ್ತಕದಲ್ಲಿ ಕಳೆಯುತ್ತದೆ, ಉಳಿದ ಸಂಖ್ಯೆಯನ್ನು ಎಲ್ಲ ಕಡೆಗೂ ಕಳಿಸುತ್ತದೆ. ಒಮ್ಮೆ ಇದನ್ನು ಒಪ್ಪಿದ ಮೇಲೆ ಅಮೆಜಾನಿನ ಪುಟಕ್ಕೆ ಹೋಗಿ ಕೈಯಾರೆ ಸಂಖ್ಯೆ ತಿದ್ದುವಂತಿಲ್ಲ. ತಿದ್ದಿದರೂ ಮುಂದಿನ ಸುತ್ತಿನಲ್ಲಿ ಪುಸ್ತಕದ ಸಂಖ್ಯೆ ಬಂದು ಅದನ್ನು ಅಳಿಸಿಹಾಕುತ್ತದೆ.

ಪುಸ್ತಕದಲ್ಲಿ ಒಂದು ಸೀರೆಗೆ ಒಂದೇ ಸಂಖ್ಯೆ ಇದ್ದರೆ ಸಾಲದು. ಕಪಾಟಿನಲ್ಲಿ ಕೈಗೆ ಸಿಗುವುದು ಎಷ್ಟು, ಅದರಲ್ಲಿ ಈಗಾಗಲೇ ಯಾರದೋ ಹೆಸರಿಗೆ ಬರೆದದ್ದು ಎಷ್ಟು ಎಂಬುದು ಬೇರೆಬೇರೆ ಇರಬೇಕು. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಸಿಗುವುದೇ ಮಾರಬಹುದಾದ ಮಾಲು. ಆರ್ಡರ್ ಬಂದ ಕ್ಷಣ ಸೀರೆ ಕಪಾಟಿನಲ್ಲೇ ಇರುತ್ತದೆ, ಪಾರ್ಸೆಲ್ ಆಗುವುದು ಮಧ್ಯಾಹ್ನ. ಪಾರ್ಸೆಲ್ ಕಟ್ಟಿದ ಮೇಲಷ್ಟೇ ಲೆಕ್ಕದಿಂದ ಕಳೆಯುವ ಅಂಗಡಿಗಳಲ್ಲಿ ಓವರ್‌ಸೆಲ್ ತಪ್ಪಿದ್ದಲ್ಲ. ಅಮೆಜಾನಿನಲ್ಲಿ ಹಣ ಖಚಿತವಾಗುವ ತನಕ ಆರ್ಡರ್ ಮೇಲೆ ‘Pending’ ಎಂದಿರುತ್ತದೆ. ಅದನ್ನು ಕಳಿಸುವಂತಿಲ್ಲ, ಆದರೆ ಅಷ್ಟು ಮಾಲನ್ನು ಅಮೆಜಾನ್ ತನ್ನ ಸಂಖ್ಯೆಯಿಂದ ಆಗಲೇ ತೆಗೆದಿರುತ್ತದೆ. ಪುಸ್ತಕವೂ ಹಾಗೆಯೇ ಅದನ್ನು ಹಿಡಿದಿಡಬೇಕು. ‘ಇನ್ನೂ ಖಚಿತವಾಗಿಲ್ಲ’ ಎಂದು ಬಿಟ್ಟರೆ ಅದೇ ಸೀರೆ ಇನ್ನೊಂದು ಮಾರುಕಟ್ಟೆಯಲ್ಲಿ ಹೋಗುತ್ತದೆ.

ಈಗ ಆ ಬೆಳಗಿನ ಲೆಕ್ಕವನ್ನೇ ಸಿಂಕ್ ಇಟ್ಟುಕೊಂಡು ಮತ್ತೆ ನಡೆಸೋಣ. ತಂತ್ರಾಂಶ ಹದಿನೈದು ನಿಮಿಷಕ್ಕೊಮ್ಮೆ ಆರ್ಡರ್ ಎಳೆಯುತ್ತದೆ ಎನ್ನಿ. 10:00ಕ್ಕೆ ಎಳೆದಾಗ ಎಲ್ಲ ಕಡೆ 6. ಮುಂದಿನ ಸರದಿ 10:15ಕ್ಕೆ. ಅಷ್ಟರಲ್ಲಿ ಏಳೂ ಸೀರೆ ಮಾರಿ ಆಗಿದೆ. ಪುಸ್ತಕ ನಿಷ್ಠೆಯಿಂದ −1 ಎಂದು ತೋರಿಸುತ್ತದೆ, ಅಷ್ಟೇ.

ಐದು ನಿಮಿಷಕ್ಕೆ ಇಳಿಸಿದರೆ? 10:05ಕ್ಕೆ ಫ್ಲಿಪ್‌ಕಾರ್ಟಿನ ಎರಡೂ ಅಂಗಡಿಯ ಒಂದೂ ಕಳೆದು ಎಲ್ಲ ಕಡೆಗೂ 3 ಎಂದು ಹೋಯಿತು, ಒಂದೇ ನಿಮಿಷದಲ್ಲಿ ಜಾರಿಯೂ ಆಯಿತು. 10:07ಕ್ಕೆ ಅಮೆಜಾನಿನಲ್ಲಿ ಎರಡು ಹೋದಾಗ ಅಲ್ಲಿ 1 ಉಳಿಯಿತು. 10:09ಕ್ಕೆ ಮೀಶೋ ಕೊನೆಯದನ್ನು ಮಾರಿತು. 10:10ಕ್ಕೆ ತಂತ್ರಾಂಶಕ್ಕೆ ವಿಷಯ ತಿಳಿದು ಎಲ್ಲ ಕಡೆಗೂ 0 ಕಳಿಸಿತು. ಆದರೆ ಈ ಸಲ ಅಮೆಜಾನ್ ಅದನ್ನು ಸ್ವೀಕರಿಸಿ ಪುಟದ ಮೇಲೆ ತರಲು ಮೂರು ನಿಮಿಷ ತೆಗೆದುಕೊಂಡಿತು. 10:12ರ ಗಿರಾಕಿಗೆ ಇನ್ನೂ 1 ಕಾಣುತ್ತಲೇ ಇತ್ತು. ಅವರು ಕೊಂಡರು.

ಹೀಗಾಗಿ ‘ನಮ್ಮದು ರಿಯಲ್ ಟೈಮ್ ಸಿಂಕ್’ ಎನ್ನುವ ಮಾರಾಟದ ಮಾತನ್ನು ಸ್ವಲ್ಪ ಕಡಿತಗೊಳಿಸಿ ಕೇಳಬೇಕು. ವಿಳಂಬ ಒಂದೇ ಕಡೆ ಇಲ್ಲ. ಮಾರಾಟವಾದದ್ದು ಪುಸ್ತಕಕ್ಕೆ ತಿಳಿಯಲು ಒಂದಿಷ್ಟು ಹೊತ್ತು, ಪುಸ್ತಕ ಕಳಿಸಿದ್ದು ಮಾರುಕಟ್ಟೆಯ ಪುಟದಲ್ಲಿ ಜಾರಿಯಾಗಲು ಮತ್ತಷ್ಟು ಹೊತ್ತು. ಮೊದಲನೆಯದನ್ನು ಕುಗ್ಗಿಸಬಹುದು. ಪದೇಪದೇ ಹೋಗಿ ‘ಆರ್ಡರ್ ಬಂತಾ?’ ಎಂದು ಕೇಳುವ ಬದಲು, ಆರ್ಡರ್ ಬಂದೊಡನೆ ಮಾರುಕಟ್ಟೆಯೇ ಸುದ್ದಿ ಮುಟ್ಟಿಸುವ ವ್ಯವಸ್ಥೆ ಹಲವು ಕಡೆ ಇದೆ. ಅದಕ್ಕೆ ವೆಬ್‌ಹುಕ್ ಎನ್ನುತ್ತಾರೆ. ಎರಡನೆಯದು ನಮ್ಮ ಕೈಯಲ್ಲಿಲ್ಲ. ನಿಮಿಷಕ್ಕೆ ಇಷ್ಟೇ ಸಲ ಬಾಗಿಲು ತಟ್ಟಬೇಕೆಂಬ ಮಿತಿಯನ್ನೂ ಮಾರುಕಟ್ಟೆಗಳು ಹಾಕಿರುತ್ತವೆ. ಸಾವಿರಾರು ಬಗೆಯ ಮಾಲಿರುವವರಿಗೆ ಹಬ್ಬದ ಸಮಯದಲ್ಲಿ ಈ ಮಿತಿಯೇ ಕುತ್ತಿಗೆಗೆ ಬರುತ್ತದೆ: ಸಂಖ್ಯೆಗಳು ಸಾಲುಗಟ್ಟಿ ಕಾಯುತ್ತವೆ, ಎರಡು ನಿಮಿಷದ ಕೆಲಸ ಇಪ್ಪತ್ತಾಗುತ್ತದೆ.

ವಿಳಂಬಕ್ಕಿಂತ ಕುಟಿಲವಾದ ದೋಷ ಇನ್ನೊಂದಿದೆ. ಸಾಮಾನ್ಯವಾಗಿ ಮಾರುಕಟ್ಟೆಗೆ ನಾವು ಕಳಿಸುವುದು ‘ಒಂದು ಕಳೆ’ ಎಂಬ ಸೂಚನೆಯನ್ನಲ್ಲ. ‘ಈಗ ಇರುವುದು 5’ ಎಂಬ ಪೂರ್ತಿ ಸಂಖ್ಯೆಯನ್ನು. ಅದು ಹೋಗಿ ಅಲ್ಲಿದ್ದುದರ ಮೇಲೆ ಕೂತುಬಿಡುತ್ತದೆ. ತಂತ್ರಾಂಶ 11:00ಕ್ಕೆ ಆರ್ಡರ್ ಎಳೆದು, ಲೆಕ್ಕ ಹಾಕಿ, 11:03ಕ್ಕೆ ಫ್ಲಿಪ್‌ಕಾರ್ಟಿಗೆ 5 ಎಂದು ಕಳಿಸುತ್ತದೆ ಎನ್ನಿ. 11:02ಕ್ಕೆ ಅಲ್ಲಿ ಒಂದು ಸೀರೆ ಮಾರಿ ಫ್ಲಿಪ್‌ಕಾರ್ಟ್ ತಾನಾಗಿ 4ಕ್ಕೆ ಇಳಿದಿತ್ತು. ಹಳೆಯ 5 ಹೋಗಿ ಆ 4ರ ಮೇಲೆ ಕೂತಿತು. ಮಾರಿದ ಸೀರೆ ಮತ್ತೆ ಹುಟ್ಟಿಬಂತು! ಮುಂದಿನ ಸುತ್ತಿನಲ್ಲಿ ಇದು ಸರಿಹೋಗುತ್ತದೆ ನಿಜ, ಆದರೆ ಅಷ್ಟರೊಳಗೆ ಆ ಭೂತದ ಸೀರೆಯನ್ನು ಯಾರಾದರೂ ಕೊಂಡಿರಬಹುದು. ಇದಕ್ಕೆ ಶಿಸ್ತು ಸರಳ: ಸಂಖ್ಯೆ ಕಳಿಸುವ ಮುಂಚಿನ ಕ್ಷಣದಲ್ಲೇ ಆರ್ಡರ್ ಎಳೆಯಬೇಕು, ಸಂಖ್ಯೆ ಬದಲಾಗಿದ್ದರೆ ಮಾತ್ರ ಕಳಿಸಬೇಕು. ಪ್ರತಿ ಐದು ನಿಮಿಷಕ್ಕೂ ಎಲ್ಲ ಮಾಲಿನ ಪಟ್ಟಿಯನ್ನು ಇಡಿಯಾಗಿ ಏರಿಸುವ ತಂತ್ರಾಂಶ ಚುರುಕಾಗಿ ಕಂಡರೂ ಈ ತಪ್ಪನ್ನು ದಿನಕ್ಕೆ ಹಲವು ಸಲ ಮಾಡುತ್ತಿರುತ್ತದೆ. ತಂತ್ರಾಂಶ ಕೊಳ್ಳುವ ಮುಂಚೆ ಕೇಳಬೇಕಾದ ಪ್ರಶ್ನೆ ಇದು; ಡೆಮೊ ತೋರಿಸಲು ಬಂದವರು ಒಂದು ಗಳಿಗೆ ಸುಮ್ಮನಾದರೆ ಅದೂ ಒಂದು ಉತ್ತರವೇ.

ಇಷ್ಟೆಲ್ಲ ಮಾಡಿದರೂ ಕೆಲವು ನಿಮಿಷದ ಬಿರುಕು ಉಳಿದೇ ಉಳಿಯುತ್ತದೆ. ಅದನ್ನು ತುಂಬುವುದು ಮುಚ್ಚಿಟ್ಟ ಮಾಲು. ವ್ಯಾಪಾರದವರು ‘ಬಫರ್’ ಎನ್ನುವುದು ಇದಕ್ಕೇ. ಕಪಾಟಿನಲ್ಲಿ 3 ಇದ್ದರೆ ಹೊರಗೆ 2 ಎಂದು ತೋರಿಸುವುದು. ನಮ್ಮ ಬೆಳಗಿನಲ್ಲಿ ಒಂದೇ ಸೀರೆಯ ಬಫರ್ ಇದ್ದಿದ್ದರೆ 10:06ಕ್ಕೆ ಅಮೆಜಾನಿನಲ್ಲಿ 2 ಎಂದಿರುತ್ತಿತ್ತು. 10:07ರ ಗಿರಾಕಿ ಎರಡನ್ನೂ ಕೊಂಡೊಡನೆ ಅಮೆಜಾನ್ ತಾನಾಗಿ 0 ಆಗುತ್ತಿತ್ತು. ಮುಚ್ಚಿಟ್ಟ ಆ ಒಂದು ಸೀರೆ ಮೀಶೋದವರಿಗೆ ಹೋಗುತ್ತಿತ್ತು. 10:12ರವರಿಗೆ ‘ಮುಗಿದಿದೆ’ ಎಂದು ಕಾಣುತ್ತಿತ್ತು, ಯಾರಿಗೂ ನಷ್ಟವಿಲ್ಲ.

ಹಾಗಾದರೆ ಎಲ್ಲದಕ್ಕೂ ಎರಡು ಮೂರು ಮುಚ್ಚಿಟ್ಟರಾಯಿತಲ್ಲ ಎನ್ನಬಹುದು. ಇಲ್ಲೇ ಬಹಳ ಮಂದಿ ಎಡವುವುದು. ಇನ್ನೂರು ಇರುವ ಮಾಲಿನಲ್ಲಿ ಮೂರು ಮುಚ್ಚಿಟ್ಟರೆ ಲೆಕ್ಕಕ್ಕಿಲ್ಲ. ಐದೇ ಸೀರೆಯಿರುವಲ್ಲಿ ಎರಡು ಮುಚ್ಚಿಟ್ಟರೆ ಹಾಕಿದ ಬಂಡವಾಳದ ಶೇ. 40 ಕಪಾಟಿನಲ್ಲಿ ಮಲಗಿರುತ್ತದೆ. ಎಷ್ಟು ಮುಚ್ಚಿಡಬೇಕೆಂಬುದನ್ನು ಮಾಲು ಎಷ್ಟಿದೆ ಎನ್ನುವುದಕ್ಕಿಂತ ಅದು ಓಡುವ ವೇಗವೇ ಹೇಳಬೇಕು. ಹಬ್ಬದ ದಿನ ಒಂದು ಮಾರುಕಟ್ಟೆಯಲ್ಲಿ ಗಂಟೆಗೆ ನಾಲ್ಕು ಹೋಗುತ್ತದೆ, ಒಟ್ಟು ವಿಳಂಬ ಹದಿನೈದು ನಿಮಿಷ ಎಂದರೆ ಆ ಬಿರುಕಿನಲ್ಲಿ ಸರಾಸರಿ ಒಂದು ಸೀರೆ ಮಾರುತ್ತದೆ. ಆದರೆ ಗಿರಾಕಿಗಳು ಸರಾಸರಿ ನೋಡಿಕೊಂಡು ಬರುವುದಿಲ್ಲ, ಕೆಲವೊಮ್ಮೆ ಎರಡು ಮೂರು ಒಟ್ಟಿಗೇ ಹೋಗುತ್ತವೆ. ಹಾಗಾಗಿ ಮೂರು ಮುಚ್ಚಿಡುವುದು ಜಾಣತನ. ವಾರಕ್ಕೊಂದು ಹೋಗುವ ಸೀರೆಗೆ ಅದೇ ಹದಿನೈದು ನಿಮಿಷದಲ್ಲಿ ಇಬ್ಬರು ಬರುವುದು ಅಪರೂಪದಲ್ಲಿ ಅಪರೂಪ. ಅಲ್ಲಿ ಬಫರ್ ಬೇಡವೇ ಬೇಡ. ಒಂದೇ ಒಂದು ಉಳಿದಿರುವ ಸೀರೆಗೆ ಬೇರೆ ಉಪಾಯವಿದೆ. ಕೊನೆಯದನ್ನು ಒಂದೇ ಮಾರುಕಟ್ಟೆಯಲ್ಲಿ ಉಳಿಸಿ ಉಳಿದ ಕಡೆ 0 ಮಾಡುವುದು. ಒಂದೇ ಬಾಗಿಲಿದ್ದಲ್ಲಿ ಪೈಪೋಟಿಯಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಕೈಮಗ್ಗದಂಥ ಸಣ್ಣ ಸಂಖ್ಯೆಯ ಮಾಲಿಗೆ ದುಬಾರಿ ತಂತ್ರಾಂಶಕ್ಕಿಂತ ಈ ಒಂದು ನಿಯಮವೇ ಹೆಚ್ಚು ಮಾನ ಉಳಿಸುತ್ತದೆ.

ಇನ್ನು ವೇಗಕ್ಕೆ ಸಂಬಂಧವೇ ಇಲ್ಲದ ತಪ್ಪುಗಳು. ಓವರ್‌ಸೆಲ್ ಆದಾಗ ‘ಸಿಂಕ್ ನಿಧಾನ’ ಎಂದು ಬೈಯುವುದು ವಾಡಿಕೆ, ಆದರೆ ಕೆದಕಿ ನೋಡಿದರೆ ಮೂಲ ಬಹಳ ಸಲ ಇಲ್ಲಿರುತ್ತದೆ.

ಪ್ರತಿ ಬಗೆಯ ಮಾಲಿಗೂ ಮಾರಾಟಗಾರರು ಒಂದು ಗುರುತಿನ ಸಂಕೇತ ಕೊಡುತ್ತಾರೆ, ಎಸ್‌ಕೆಯು ಎನ್ನುವುದು ಅದಕ್ಕೇ. ನಮ್ಮ ಸೀರೆಗೆ `ILK-MRN-TT` ಎಂದಿಟ್ಟಿದ್ದಾರೆ ಅನ್ನಿ. ಮೂರೂ ಮಾರುಕಟ್ಟೆಯ ಪುಟಗಳು ಈ ಒಂದೇ ಸಂಕೇತಕ್ಕೆ ಕೊಂಡಿಯಾಗಿರಬೇಕು. ಹಿಂದೊಮ್ಮೆ ಬೇರೆ ಫೋಟೋ ಹಾಕಿ ಅದೇ ಸೀರೆಯನ್ನು ಅಮೆಜಾನಿನಲ್ಲಿ `MAROON-ILKAL-NEW` ಎಂದು ಇನ್ನೊಮ್ಮೆ ಏರಿಸಿ ಮರೆತಿದ್ದರೆ, ಆ ಪುಟ ಪುಸ್ತಕಕ್ಕೆ ಸೇರಿಯೇ ಇಲ್ಲ. ಅದು ತನ್ನ ಪಾಡಿಗೆ ಮಾರುತ್ತಲೇ ಇರುತ್ತದೆ. ಜೋಡಿ ಮಾಲಿನಲ್ಲಿ ಗೊಂದಲ ಇನ್ನೂ ಹೆಚ್ಚು. ಇದೇ ಸೀರೆಯನ್ನು ಗುಳೇದಗುಡ್ಡದ ಖಣದ ಜೊತೆ ಸೇರಿಸಿ ‘ಕಾಂಬೊ’ ಎಂದು ಮಾರುತ್ತಾರೆ. ಸೀರೆ ನಾಲ್ಕು, ಖಣ ಒಂಬತ್ತು ಇದ್ದರೆ ಕಾಂಬೊ ಎಷ್ಟು? ನಾಲ್ಕೇ. ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ಒಂದು ಕಾಂಬೊ ಮಾರಿದರೆ ಬಿಡಿ ಸೀರೆಯೂ ಬಿಡಿ ಖಣವೂ ಒಂದೊಂದು ಇಳಿಯಬೇಕು, ಬಿಡಿ ಸೀರೆ ಮಾರಿದರೆ ಕಾಂಬೊ ಇಳಿಯಬೇಕು. ಕಾಂಬೊಗೆ ಪ್ರತ್ಯೇಕ ಸಂಖ್ಯೆ ತುಂಬಿ ಕೂತವರು ತಮ್ಮ ಸೀರೆಯನ್ನು ಎರಡೆರಡು ಸಲ ಮಾರಲು ತಾವೇ ದಾರಿ ಮಾಡಿಕೊಟ್ಟಂತೆ.

ಮರಳಿ ಬರುವ ಮಾಲಿನದು ಇನ್ನೊಂದು ಕಥೆ. ಕ್ಯಾಶ್ ಆನ್ ಡೆಲಿವರಿಯಲ್ಲಿ ಗಿರಾಕಿ ಬಾಗಿಲಲ್ಲೇ ಬೇಡವೆಂದ ಪಾರ್ಸೆಲ್ಲುಗಳು ವಾಪಸ್ಸು ಬರುತ್ತವೆ. ಕೊರಿಯರಿನವರು ‘ವಾಪಸ್’ ಎಂದು ಒತ್ತಿದ ಕೂಡಲೇ ಪುಸ್ತಕಕ್ಕೆ ಒಂದು ಸೇರುವಂತೆ ಕೆಲವರು ಹೊಂದಿಸಿರುತ್ತಾರೆ. ಸೀರೆ ಇನ್ನೂ ಲಖನೌದ ಗೋದಾಮಿನಲ್ಲಿದೆ, ಇಳಕಲ್ಲಿಗೆ ಬರಲು ದಿನಗಳಿವೆ, ಇಲ್ಲಿ ಆಗಲೇ ಅದನ್ನು ಮಾರಿಯಾಗಿದೆ. ಕೈಗೆ ಬಂದ ಮೇಲೂ ನೇರ ಕಪಾಟಿಗೆ ಏರಿಸುವಂತಿಲ್ಲ. ಬಿಚ್ಚಿ ನೋಡಬೇಕು. ಫಾಲ್ ಹಚ್ಚಿದ ಸೀರೆ ಬರುತ್ತದೆ, ಅರಿಸಿನದ ಕಲೆಯದು ಬರುತ್ತದೆ, ಒಮ್ಮೊಮ್ಮೆ ಕಳಿಸಿದ ಸೀರೆಯೇ ಬಂದಿರುವುದಿಲ್ಲ. ಹಾಗಾಗಿ ವಾಪಸ್ ಬಂದ ಮಾಲಿಗೆ ಬೇರೆ ಕಪಾಟು, ಪುಸ್ತಕದಲ್ಲಿ ಬೇರೆ ಖಾನೆ. ಮಡಿಕೆ ಬಿಚ್ಚಿ, ಸೆರಗು ಹರಡಿ ನೋಡಿದವರು ಒಪ್ಪಿದ ಮೇಲಷ್ಟೇ ಅದು ಮಾರಾಟದ ಲೆಕ್ಕಕ್ಕೆ ಬರಬೇಕು.

ಎಲ್ಲಕ್ಕಿಂತ ದೊಡ್ಡ ಸೋರಿಕೆ ಗಲ್ಲಾದ ಬಳಿಯೇ. 10:04ಕ್ಕೆ ಅಂಗಡಿಗೆ ಬಂದವರು ಒಯ್ದ ಸೀರೆಗೆ ಬಿಲ್ ಹಾಕದಿದ್ದರೆ ಯಾವ ತಂತ್ರಾಂಶಕ್ಕೂ ಅದು ಕಾಣುವುದಿಲ್ಲ. ಪರಿಚಯದವರು, ಉದ್ರಿ ಗಿರಾಕಿ, ‘ಮನೆಯಲ್ಲಿ ತೋರಿಸಿ ತರ್ತೀವಿ’ ಎಂದು ನಾಲ್ಕು ಸೀರೆ ಒಯ್ದವರು ಎಲ್ಲರೂ ಈ ಪುಸ್ತಕದಲ್ಲಿ ಮಾರುಕಟ್ಟೆಯೇ. ಅಂಗಡಿಯ ಮಾರಾಟಕ್ಕೆಂದು ಒಂದಿಷ್ಟು ಸೀರೆಗಳನ್ನು ಆನ್‌ಲೈನ್ ಲೆಕ್ಕದಿಂದ ಪೂರ್ತಿ ಹೊರಗಿಟ್ಟು, ಬೇರೆ ಕಪಾಟಿನಲ್ಲಿಡುವವರೂ ಇದ್ದಾರೆ. ಬಿಲ್ಲಿಂಗಿನ ಶಿಸ್ತು ಬರುವ ತನಕ ಅದು ಒಳ್ಳೆಯ ದಾರಿ.

ಪುಸ್ತಕ ಹಾದಿ ತಪ್ಪಿದ್ದು ಗೊತ್ತಾಗುವುದು ಹೇಗೆ? ಹೆಚ್ಚು ಓಡುವ ಹತ್ತಿಪ್ಪತ್ತು ಬಗೆಯ ಸೀರೆಗಳನ್ನು ವಾರಕ್ಕೊಮ್ಮೆ ಕೈಯಾರೆ ಎಣಿಸಿ ಪುಸ್ತಕಕ್ಕೆ ಹೋಲಿಸಬೇಕು. ವ್ಯತ್ಯಾಸ ಯಾವ ದಿಕ್ಕಿಗಿದೆ ಎಂಬುದೇ ಸುಳಿವು. ಕಪಾಟಿನಲ್ಲಿ ಕಡಿಮೆ ಇದ್ದರೆ ಬಿಲ್ಲಾಗದ ಮಾರಾಟ ಅಥವಾ ಬರುವ ಮುಂಚೆಯೇ ಸೇರಿಸಿದ ವಾಪಸ್ ಮಾಲನ್ನು ಹುಡುಕಬೇಕು. ಕಪಾಟಿನಲ್ಲಿ ಹೆಚ್ಚಿದ್ದರೆ ಕ್ಯಾನ್ಸಲ್ ಆದ ಆರ್ಡರಿನ ಮಾಲು ಲೆಕ್ಕಕ್ಕೆ ಮರಳಿಲ್ಲ. ಎಣಿಕೆ ಸರಿಯಾಗಿದ್ದೂ ಓವರ್‌ಸೆಲ್ ಆಗುತ್ತಿದ್ದರೆ ಆಗ ಮಾತ್ರ ಸಿಂಕಿನ ಮೇಲೆ ಅನುಮಾನ. ಮೊದಲು ನೋಡಬೇಕಾದದ್ದು ಪ್ರತಿ ಮಾರುಕಟ್ಟೆಯ ಎದುರು ತಂತ್ರಾಂಶ ತೋರಿಸುವ ಕೊನೆಯ ಸಿಂಕಿನ ಸಮಯ. ಪಾಸ್‌ವರ್ಡ್ ಬದಲಿಸಿದ್ದಕ್ಕೋ ಅನುಮತಿಯ ಅವಧಿ ಮುಗಿದದ್ದಕ್ಕೋ ಒಂದು ಮಾರುಕಟ್ಟೆಯ ಕೊಂಡಿ ಸದ್ದಿಲ್ಲದೆ ಕಳಚಿರುತ್ತದೆ. ಪರದೆಯ ಮೇಲಿನ ಸಂಖ್ಯೆ ಸರಿಯಾಗಿಯೇ ಕಾಣುತ್ತದೆ, ಏಕೆಂದರೆ ಅದು ನಿನ್ನೆಯ ಸಂಖ್ಯೆ.

ಮಾರುಕಟ್ಟೆಗೆ ನಕಲು ಸಂಖ್ಯೆ ಕೊಟ್ಟಿಡುವ ಪದ್ಧತಿಯೇ ಅನಿವಾರ್ಯವಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಸಾರ್ವಜನಿಕರಿಗೆ ಪ್ರಾಯೋಗಿಕವಾಗಿ ತೆರೆದ ಒಎನ್‌ಡಿಸಿ ಜಾಲದಲ್ಲಿ, ಕೊಳ್ಳುವವರು ಮಾಲನ್ನು ಆರಿಸಿದಾಗ ಅವರ ಆ್ಯಪ್ ಮಾರುವವರ ಕಡೆಯ ಆ್ಯಪನ್ನೇ ಕೇಳುತ್ತದೆ. ಇದೆಯೋ ಇಲ್ಲವೋ ಎಂಬ ಉತ್ತರ ಆ ಹೊತ್ತಿಗೆ ಅಲ್ಲಿಂದಲೇ ಬರುತ್ತದೆ. ಬಿರುಕು ಬಹಳ ಸಣ್ಣದಾಗುತ್ತದೆ. ಆರಿಸುವುದಕ್ಕೂ ಹಣ ಕಟ್ಟುವುದಕ್ಕೂ ನಡುವೆ ಒಂದೆರಡು ನಿಮಿಷ ಇದ್ದೇ ಇರುವುದರಿಂದ ಪೂರ್ತಿ ಮುಚ್ಚುವುದಿಲ್ಲ.

ಎಲ್ಲ ಮಾಡಿಯೂ 10:12ರ ಆರ್ಡರ್ ಬಂದೇ ಬಂತು ಎಂದರೆ, ಮೊದಲು ಆ ಸೀರೆಯನ್ನು ಎಲ್ಲ ಕಡೆ 0 ಮಾಡಿ, ಎರಡನೆಯ ತಪ್ಪು ಆಗದಂತೆ ತಡೆಯಬೇಕು. ಆಮೇಲೆ ಓಣಿಯ ನೇಕಾರರ ಮನೆಗೆ, ಪಕ್ಕದ ಅಂಗಡಿಗೆ ಒಂದು ಫೋನು. ಅದೇ ಬಣ್ಣ, ಅದೇ ದಡಿ ಸಿಕ್ಕರೆ ಲಾಭ ಬಿಟ್ಟಾದರೂ ಕೊಂಡು ಕಳಿಸಬಹುದು. ಸಿಗದಿದ್ದರೆ ಅದೇ ದಿನ ರದ್ದು ಮಾಡಿ, ಕಾರಣದ ಪಟ್ಟಿಯಲ್ಲಿ ಮಾಲು ಇಲ್ಲ ಎಂಬುದನ್ನೇ ಒತ್ತಬೇಕು. ಗಿರಾಕಿ ಕೇಳಿ ಮಾಡಿಸಿದ ರದ್ದು ತಮ್ಮ ಲೆಕ್ಕಕ್ಕೆ ಸೇರುವುದಿಲ್ಲವೆಂದು, ‘ಅಕ್ಕಾ, ನೀವೇ ಕ್ಯಾನ್ಸಲ್ ಮಾಡಿಬಿಡಿ’ ಎಂದು ಗಿರಾಕಿಗೆ ದುಂಬಾಲು ಬೀಳುವ ಅಭ್ಯಾಸ ಕೆಲವು ಮಾರಾಟಗಾರರಿಗಿದೆ. ಅದು ಗೊತ್ತಾದರೆ ಒಂದು ಕ್ಯಾನ್ಸಲ್‌ಗಿಂತ ದೊಡ್ಡ ಕಪ್ಪುಚುಕ್ಕೆ ಖಾತೆಗೆ ಅಂಟುತ್ತದೆ.